ಹಾಜರಿಯಲ್ಲಿ ಐವರು, ಗೋಡೆಯಲ್ಲಿ ಎಷ್ಟು?

ಕಟ್ಟಡದ ಕೆಲಸಕ್ಕೆ ಆಳು ಹಚ್ಚಿದವರಿಗೆಲ್ಲ ಇದು ಗೊತ್ತಿರುವ ಕತೆ. ಮೊದಲ ವಾರ ಇಬ್ಬರು ಗೌಂಡಿಗಳು, ಮೂವರು ಬಿಗಾರಿಗಳು ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಹಾಜರ್. ಎರಡನೇ ವಾರಕ್ಕೆ ಒಬ್ಬ ಗೌಂಡಿ ಕಾಣೆಯಾಗುತ್ತಾನೆ, ಅವನ ಜಾಗದಲ್ಲಿ ಇನ್ನೊಬ್ಬ ಬಿಗಾರಿ ಬುಟ್ಟಿ ಹಿಡಿದು ನಿಂತಿರುತ್ತಾನೆ. ಗುತ್ತೇದಾರರನ್ನು ಕೇಳಿದರೆ ಉತ್ತರ ಸಿದ್ಧವಿರುತ್ತದೆ: "ಐದು ಮಂದಿ ಅಂದಿದ್ರಿ, ಐದು ಮಂದಿ ಬಂದಾರಲ್ರೀ." ತಲೆ ಎಣಿಸಿದರೆ ಅವರ ಮಾತು ಸರಿ, ಗೋಡೆ ಮಾತ್ರ ಮೇಲೇಳುವುದಿಲ್ಲ.

ಬೆಳಗಾವಿಯ ನಮ್ಮ ಬಡಾವಣೆಯಲ್ಲಿ ಒಂದು ತೆರೆದ ಜಾಗವಿದೆ. ಅಳತೆ ನಲವತ್ತು ಮೀಟರ್‌ಗೆ ನಲವತ್ತು. ಕಸ ಸುರಿಯುವವರ ಕಾಟ ತಾಳಲಾರದೆ ನಿವಾಸಿಗಳೆಲ್ಲ ವಂತಿಗೆ ಹಾಕಿ ಸುತ್ತಲೂ ಕಾಂಪೌಂಡ್ ಕಟ್ಟಿಸಲು ಹೊರಟೆವು. 160 ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ, 20 ಸೆಂಟಿಮೀಟರ್ ದಪ್ಪದ ಗೋಡೆ ಎಂದರೆ 48 ಘನ ಮೀಟರ್ ಇಟ್ಟಿಗೆ ಕೆಲಸ. ಇಟ್ಟಿಗೆ ಖಾನಾಪುರದ ಭಟ್ಟಿಯದು, ಸಿಮೆಂಟು ಮತ್ತು ಮರಳು ನಮ್ಮದು, ಕೂಲಿ ದಿನದ ಲೆಕ್ಕದಲ್ಲಿ. ಆಳು ತರುವುದಕ್ಕೆ ಗುತ್ತೇದಾರರಿಗೆ ಕೂಲಿಯ ಮೇಲೆ ನೂರಕ್ಕೆ ಹತ್ತು ಕಮಿಷನ್. ಕೆಲಸ ಎಳೆದಷ್ಟೂ ಅವರ ಕಮಿಷನ್ ಬೆಳೆಯುತ್ತದೆ ಎಂಬುದು ಸಹಿ ಹಾಕುವಾಗ ನಮಗ್ಯಾರಿಗೂ ಹೊಳೆಯಲಿಲ್ಲ.

ಮಾತುಕತೆಯಲ್ಲಿ ಒಪ್ಪಿದ ತಂಡ ಹೀಗಿತ್ತು: ಇಬ್ಬರು ಗೌಂಡಿಗಳು, ತಲಾ 900 ರೂಪಾಯಿ. ಮೂವರು ಬಿಗಾರಿಗಳು, ತಲಾ 500. ದಿನಕ್ಕೆ ಒಟ್ಟು 3,300 ರೂಪಾಯಿ. ಒಬ್ಬ ಗೌಂಡಿ ದಿನಕ್ಕೆ ಒಂದು ಘನ ಮೀಟರ್, ಅಂದರೆ ಐನೂರರಷ್ಟು ಇಟ್ಟಿಗೆ ಕಟ್ಟುತ್ತಾನೆ ಎಂಬುದು ಎಸ್ಟಿಮೇಟ್ ಮಾಡುವವರೆಲ್ಲ ಒಪ್ಪುವ ಅಂದಾಜು. ಇಬ್ಬರಿಂದ ಎರಡು ಘನ ಮೀಟರ್. ಹಾಗಾದರೆ ಘನ ಮೀಟರಿಗೆ ಕೂಲಿ 1,650 ರೂಪಾಯಿ, 48ಕ್ಕೆ 24 ದಿನ, ಒಟ್ಟು 79,200 ರೂಪಾಯಿ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟವರು ಗುತ್ತೇದಾರರೇ.

ಕೆಲಸ ಮುಗಿದದ್ದು 30 ದಿನಕ್ಕೆ. ಬಿಲ್ ಬಂದದ್ದು ಕಮಿಷನ್ ಬಿಟ್ಟು 99,000 ರೂಪಾಯಿಗೆ. ಹೆಚ್ಚಾದದ್ದು ಹತ್ತೊಂಬತ್ತು ಸಾವಿರದ ಎಂಟು ನೂರು, ಅದಕ್ಕೆ ಕೊಟ್ಟ ವಿವರಣೆ ಒಂದೇ ಸಾಲು: "ದಿನಾ ಹೆಚ್ಚ ಹತ್ತಿದ್ವು."

ನಮ್ಮ ಪುಣ್ಯಕ್ಕೆ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಜೀವನವಿಡೀ ಹಾಜರಿ ಮತ್ತು ಉತ್ಪಾದನೆಯ ಲೆಕ್ಕ ಬರೆದು ನಿವೃತ್ತರಾದವರು. ದಿನಾ ಸಂಜೆ ವಾಕಿಂಗ್‌ಗೆ ಬಂದಾಗ ಅಂದಿನ ಗೋಡೆ ಎಲ್ಲಿಗೆ ನಿಂತಿದೆಯೋ ಅಲ್ಲಿ ಬಿಳಿ ಚಾಕ್‌ನಿಂದ ಗೆರೆ ಎಳೆದು ತಾರೀಖು ಹಾಕುತ್ತಿದ್ದರು. ಚಿಕ್ಕ ವಹಿಯೊಂದರಲ್ಲಿ ಅಂದು ಯಾರು ಬಂದಿದ್ದರು, ಅವರಲ್ಲಿ ಥಾಪಿ ಹಿಡಿದವರು ಯಾರು, ಬುಟ್ಟಿ ಹೊತ್ತವರು ಯಾರು ಎಂದು ಬರೆಯುತ್ತಿದ್ದರು. ಅವರ ಈ ಹುಚ್ಚನ್ನು ನೋಡಿ ನಾವು ನಗುತ್ತಿದ್ದೆವು. ಬಿಲ್ ಬಂದ ದಿನ ನಕ್ಕವರೆಲ್ಲ ಅವರ ಜಗುಲಿಯ ಮೇಲೆ ಕೂತಿದ್ದೆವು.

ಬಿಲ್ಲಿನಲ್ಲಿ ಬರೆದದ್ದು ಗೌಂಡಿ 60 ಆಳುದಿನ, ಬಿಗಾರಿ 90 ಆಳುದಿನ. ಕಾಕಾನ ವಹಿಯಲ್ಲಿದ್ದದ್ದು ಗೌಂಡಿ 45, ಬಿಗಾರಿ 105. ಎರಡರಲ್ಲೂ ಒಟ್ಟು 150. ಮೂವತ್ತು ದಿನಗಳ ಪೈಕಿ ಹದಿನೈದು ದಿನ ಇಬ್ಬರು ಗೌಂಡಿಗಳಿದ್ದರು. ಉಳಿದ ಹದಿನೈದು ದಿನ ಒಬ್ಬನೇ. ಎರಡನೆಯವನನ್ನು ಗುತ್ತೇದಾರರು ತಮ್ಮ ಬೇರೊಂದು ಕೆಲಸಕ್ಕೆ ಕಳಿಸಿದ್ದರು, ಅವನ ಹೆಸರು ಮಾತ್ರ ನಮ್ಮ ಬಿಲ್ಲಿನಲ್ಲೇ ಉಳಿದಿತ್ತು.

"ಆ ಹುಡುಗನೂ ಗ್ವಾಡಿ ಕಟ್ಟ್ಯಾನ್ರೀ, ಅವನೂ ಗೌಂಡೀನ" ಎಂದು ಗುತ್ತೇದಾರರು ವಾದಿಸಿದರು. ಎರಡನೇ ಗೌಂಡಿಯ ಜಾಗಕ್ಕೆ ಬಂದ ಆ ಬಿಗಾರಿ ಹುಡುಗ ಖಾನಾಪುರ ತಾಲ್ಲೂಕಿನ ಹಳ್ಳಿಯವನು, ಕಲಿಯುವ ಹುರುಪಿನವನು. ಎರಡನೇ ಗೌಂಡಿ ಇಲ್ಲದ ದಿನ ಅವನ ಕೈಗೆ ಥಾಪಿ ಕೊಟ್ಟಿದ್ದು ನಿಜ. ಕಾಕಾ ಒಂದೇ ಪ್ರಶ್ನೆ ಕೇಳಿದರು: "ಅವಂಗ ಪಗಾರ ಎಷ್ಟ ಕೊಟ್ಟಿ?" ಐನೂರು. ನಮ್ಮಿಂದ ಒಂಬೈನೂರು, ಹುಡುಗನಿಗೆ ಐನೂರು, ನಡುವಿನ ನಾನೂರಕ್ಕೆ ಉತ್ತರ ಬರಲಿಲ್ಲ.

ಆಮೇಲೆ ಕಾಕಾ ಮಾಡಿದ ಲೆಕ್ಕವನ್ನು ನಾನು ಇಲ್ಲಿ ಪೂರ್ತಿಯಾಗಿ ಬಿಡಿಸಿಡುತ್ತೇನೆ. ವಾಣಿಜ್ಯದ ಪುಸ್ತಕಗಳಲ್ಲಿ ಇದಕ್ಕೆ ಲೇಬರ್ ಮಿಕ್ಸ್ ವೇರಿಯನ್ಸ್, ಲೇಬರ್ ಯೀಲ್ಡ್ ವೇರಿಯನ್ಸ್ ಎಂಬ ಹೆಸರಿದೆ. ಕನ್ನಡದಲ್ಲಿ ತಂಡದ ವ್ಯತ್ಯಾಸ, ಇಳುವರಿಯ ವ್ಯತ್ಯಾಸ ಎನ್ನೋಣ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತವರು ನಮ್ಮ ಓಣಿಯಲ್ಲೇ ಹತ್ತಾರು ಜನ ಇದ್ದಾರೆ, ಗೋಡೆಯ ಮುಂದೆ ನಿಂತಾಗ ಅದು ಯಾರಿಗೂ ನೆನಪಾಗಿರಲಿಲ್ಲ.

ಮೊದಲು ನಿಜವಾಗಿ ಬಂದ ಆಳುಗಳ ಕೂಲಿ. 45 ಗೌಂಡಿಗೆ 40,500, 105 ಬಿಗಾರಿಗೆ 52,500. ಒಟ್ಟು 93,000. ಒಪ್ಪಿದ 79,200ಕ್ಕಿಂತ 13,800 ಹೆಚ್ಚು. ಈ 13,800 ಎಲ್ಲಿಂದ ಬಂತು ಎಂಬುದನ್ನು ಎರಡು ಭಾಗ ಮಾಡಬೇಕು. ಒಂದೇ ಗಂಟಾಗಿ ನೋಡಿದರೆ "ದಿನಾ ಹೆಚ್ಚ ಹತ್ತಿದ್ವು" ಎನ್ನುವುದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಮೊದಲ ಭಾಗ ತಂಡದ್ದು. ಬಂದ 150 ಆಳುಗಳು ಒಪ್ಪಿದ ಪ್ರಮಾಣದಲ್ಲೇ, ಅಂದರೆ ಐವರಲ್ಲಿ ಇಬ್ಬರು ಗೌಂಡಿಗಳಂತೆ ಬಂದಿದ್ದರೆ 60 ಗೌಂಡಿ, 90 ಬಿಗಾರಿ ಆಗಬೇಕಿತ್ತು. ಅದರ ಕೂಲಿ 99,000. ನಿಜವಾಗಿ ಆದದ್ದು 93,000. ದುಬಾರಿ ಆಳಿನ ಬದಲು ಅಗ್ಗದ ಆಳು ಬಂದದ್ದರಿಂದ 6,000 ರೂಪಾಯಿ ಉಳಿಯಿತು. ಹದಿನೈದು ದಿನ, ದಿನಕ್ಕೆ ನಾನೂರರಂತೆ, ಅಷ್ಟೇ. ಪುಸ್ತಕದ ಭಾಷೆಯಲ್ಲಿ ಇದು ನಮಗೆ ಅನುಕೂಲದ ವ್ಯತ್ಯಾಸ. ಕಾಕಾನ ವಹಿ ಇಲ್ಲದಿದ್ದರೆ ಆ ಅನುಕೂಲ ಪೂರ್ತಿಯಾಗಿ ಗುತ್ತೇದಾರರ ಕಿಸೆಗೆ ಹೋಗುತ್ತಿತ್ತು, ಏಕೆಂದರೆ ಬಿಲ್ಲಿನಲ್ಲಿದ್ದದ್ದು ಸರಿಯಾಗಿ ಅದೇ 99,000.

ಎರಡನೇ ಭಾಗ ಇಳುವರಿಯದು. ಐವರ ತಂಡ ದಿನಕ್ಕೆ ಎರಡು ಘನ ಮೀಟರ್ ಎಂದ ಮೇಲೆ 150 ಆಳುದಿನಗಳಲ್ಲಿ 60 ಘನ ಮೀಟರ್ ಗೋಡೆ ಏಳಬೇಕಿತ್ತು. ಎದ್ದದ್ದು 48. ಕೊರತೆ ಬಿದ್ದದ್ದು 12 ಘನ ಮೀಟರ್, ಒಂದಕ್ಕೆ 1,650ರಂತೆ 19,800 ರೂಪಾಯಿ. ಪ್ರತಿಕೂಲ. ಇದರಲ್ಲಿ ಮೊದಲಿನ 6,000 ಕಳೆದರೆ ಉಳಿಯುವುದು ಅದೇ 13,800. ಆರು ಸಾವಿರ ಉಳಿಸಲು ಹೋಗಿ ಸುಮಾರು ಇಪ್ಪತ್ತು ಸಾವಿರ ಕಳೆದುಕೊಂಡೆವು, ಅದೂ ಉಳಿಸಲು ಹೊರಟವರು ನಾವಲ್ಲ.

ಚಾಕಿನ ಗೆರೆಗಳು ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದವು. ಇಬ್ಬರು ಗೌಂಡಿಗಳಿದ್ದ ಹದಿನೈದು ದಿನಗಳಲ್ಲಿ 30 ಘನ ಮೀಟರ್, ಹೇಳಿದ ಮಾತಿಗೆ ಸರಿಯಾಗಿ. ಒಬ್ಬನೇ ಇದ್ದ ಹದಿನೈದು ದಿನಗಳಲ್ಲಿ 18. ಅಂದರೆ ದಿನಕ್ಕೆ 1.2. ಆ ದಿನಗಳ ಕೂಲಿ 2,900 ರೂಪಾಯಿ, 3,300ಕ್ಕಿಂತ ಕಡಿಮೆಯೇ. ಘನ ಮೀಟರಿಗೆ ಹಂಚಿದರೆ ಮಾತ್ರ 1,650 ಇದ್ದದ್ದು 2,400 ದಾಟುತ್ತದೆ. ದಿನದ ಕೂಲಿ ನೋಡಿ ಅಗ್ಗ ಎಂದು ತಿಳಿಯುವವರು ನಾವು, ಗೋಡೆ ಅಳೆದು ದುಬಾರಿ ಎಂದು ತಿಳಿದವರು ಕಾಕಾ ಒಬ್ಬರೇ.

ಯಾಕೆ ಹೀಗಾಗುತ್ತದೆ ಎಂಬುದನ್ನು ಗೌಂಡಿಯೇ ಬಿಡಿಸಿ ಹೇಳಿದ. "ನನ್ನ ಕೈ ಎರಡ ಅದಾವ್ರೀ. ಮಾಲು ಕಲಸಾಕ ಒಬ್ಬ, ಇಟ್ಟಂಗಿ ಕೊಡಾಕ ಒಬ್ಬ ಸಾಕು. ಉಳದವ್ರು ನನ್ನ ಮಾರಿ ನೋಡಕೋತ ನಿಂದರತಾರ." ಇಟ್ಟಿಗೆ ಕೆಲಸದಲ್ಲಿ ಗೋಡೆ ಏರುವ ವೇಗ ನಿರ್ಧಾರವಾಗುವುದು ಥಾಪಿ ಹಿಡಿದ ಕೈಯಿಂದ. ಮೂಲೆಯಲ್ಲಿ ಒಳಂಬ ಬಿಟ್ಟು, ದಾರ ಕಟ್ಟಿ, ಪ್ರತಿ ಸಾಲಿನ ಮಟ್ಟ ನೋಡುವುದು ಅವನೇ. ಆ ಕೈ ಕಡಿಮೆಯಾದರೆ ಎಷ್ಟು ಬುಟ್ಟಿ ಗಾರೆ ಬಂದರೂ ಅದು ತಗಡಿನ ಮೇಲೆ ಕೂತು ಗಟ್ಟಿಯಾಗುತ್ತದೆ. ಗಟ್ಟಿಯಾದ ಗಾರೆಗೆ ಮತ್ತೆ ನೀರು ಹಾಕಿ ಕಲಸಿದ್ದನ್ನು ನಾನೇ ನೋಡಿದ್ದೇನೆ, ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಥಾಪಿ ಹಿಡಿದ ಹುಡುಗನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಪಕ್ಕದಲ್ಲಿ ಗೌಂಡಿ ನಿಂತು ತಿದ್ದಿದ್ದರೆ ಅವನು ಕಲಿಯುತ್ತಿದ್ದ. ಗೌಂಡಿ ಆಚೆ ಮೂಲೆಯಲ್ಲಿ, ಇವನು ಈಚೆ ಮೂಲೆಯಲ್ಲಿ. ಮೂರನೇ ದಿನ ಅವನು ಕಟ್ಟಿದ ಭಾಗ ಒಳಂಬಕ್ಕೆ ನಿಲ್ಲದೆ ನಾಲ್ಕು ಸಾಲು ಕಿತ್ತು ಮತ್ತೆ ಕಟ್ಟಬೇಕಾಯಿತು. ಕಿತ್ತದ್ದಕ್ಕೂ ಕೂಲಿ, ಮತ್ತೆ ಕಟ್ಟಿದ್ದಕ್ಕೂ ಕೂಲಿ, ಬೈಗುಳ ಮಾತ್ರ ಆ ಹುಡುಗನಿಗೆ.

ಇದನ್ನು ಕಣ್ಣಳತೆಯಲ್ಲೇ ಪತ್ತೆ ಹಚ್ಚುವ ಒಂದು ದಾರಿಯನ್ನೂ ಕಾಕಾ ತೋರಿಸಿದರು. ನಮ್ಮ ಇಟ್ಟಿಗೆಯ ಎತ್ತರ 9 ಸೆಂಟಿಮೀಟರ್. ನಡುವಿನ ಗಾರೆಯ ಸಂದು 10 ಮಿಲಿಮೀಟರ್ ಇರಬೇಕು. ಹತ್ತು ಸಾಲು ಎಣಿಸಿ ಟೇಪ್ ಹಿಡಿದರೆ ಸರಿಯಾಗಿ ಒಂದು ಮೀಟರ್ ಬರಬೇಕು. ಇಬ್ಬರು ಗೌಂಡಿಗಳು ಕಟ್ಟಿದ ಬದಿಯಲ್ಲಿ ಒಂದು ಮೀಟರ್ ಬಂತು. ಹುಡುಗ ಕಟ್ಟಿದ ಬದಿಯಲ್ಲಿ 106 ಸೆಂಟಿಮೀಟರ್. ಅಂದರೆ ಸಂದುಗಳು 16 ಮಿಲಿಮೀಟರ್. ಹದಿನೈದು ಸಾಲಿಗೆ ಮುಟ್ಟಬೇಕಾದ ಎತ್ತರವನ್ನು ಆ ಗೋಡೆ ಹೆಚ್ಚುಕಮ್ಮಿ ಹದಿನಾಲ್ಕು ಸಾಲಿಗೇ ಮುಟ್ಟಿತ್ತು. ನಾವು 18 ಘನ ಮೀಟರ್ ಎಂದು ಎಣಿಸಿದ್ದರಲ್ಲೂ ಒಂದಿಷ್ಟು ಇಟ್ಟಿಗೆಯ ಬದಲು ಗಾರೆಯೇ ತುಂಬಿತ್ತು.

ಗುತ್ತೇದಾರರ ಕಡೆಯ ಮಾತನ್ನೂ ಕೇಳಬೇಕಲ್ಲ. "ಖಾನಾಪುರದಿಂದ ಇಟ್ಟಂಗಿ ಲಾರಿ ತಡಾ ಆತ್ರೀ" ಎಂದರು. ಕಾಕಾ ಲಾರಿಯ ಚೀಟಿಗಳನ್ನೂ ಇಟ್ಟಿದ್ದರು. ತಡವಾದದ್ದು ಒಂದೇ ದಿನ, ಅರ್ಧ ದಿನದ ಮಟ್ಟಿಗೆ. ಐವರು ಅರ್ಧ ದಿನ ಖಾಲಿ ಕೂತರೆ ಆ ಕೂಲಿ ಒಪ್ಪಿದ ತಂಡದ ಲೆಕ್ಕದಲ್ಲಿ 1,650. ಇದನ್ನು ಇಳುವರಿಯ ನಷ್ಟದಿಂದ ತೆಗೆದು ಬೇರೆಯೇ ಬರೆಯಬೇಕು, ಇಟ್ಟಿಗೆ ಇಲ್ಲದೆ ಕೂತವನನ್ನು ನಿಧಾನ ಎನ್ನುವುದು ಅನ್ಯಾಯ. ತೆಗೆದೆವು. 19,800ರಲ್ಲಿ ಇನ್ನೂ 18,150 ಉಳಿಯಿತು, ಅದಕ್ಕೆ ಯಾವ ಲಾರಿಯೂ ಅಡ್ಡ ಬಂದಿರಲಿಲ್ಲ.

ಮಳೆಯಾದರೂ ಹೀಗೆಯೇ ಬೇರೆ ಬರೆಯಬೇಕು. ಖಾನಾಪುರದ ಕಡೆ ಜೂನ್ ಹಿಡಿದರೆ ಬಿಡುವ ಮಳೆಯಲ್ಲ, ಅಲ್ಲಿ ಮಳೆಗಾಲದ ಇಳುವರಿಗೂ ಬೇಸಿಗೆಯ ಇಳುವರಿಗೂ ಒಂದೇ ಅಳತೆಗೋಲು ಹಿಡಿಯುವಂತಿಲ್ಲ. ನಮ್ಮ ಕೆಲಸ ನಡೆದದ್ದು ಫೆಬ್ರುವರಿ, ಮಾರ್ಚ್‌ನಲ್ಲಿ. ಒಂದು ಹನಿ ಬೀಳಲಿಲ್ಲ, ಆದ್ದರಿಂದ ಆ ನೆಪವೂ ಸಿಗಲಿಲ್ಲ.

ಹಾಗೆಂದು ಒಪ್ಪಿದ ತಂಡವೇ ಯಾವಾಗಲೂ ಸರಿ ಎಂದು ನಾನು ಹೇಳುವುದಿಲ್ಲ. ಓಣಿ ಕಿರಿದಾಗಿ ಲಾರಿ ಒಳಗೆ ಬರದೆ ಇಟ್ಟಿಗೆಯನ್ನು ನೂರು ಮೀಟರ್ ಆಚೆ ಸುರಿದರೆ ಹೊರುವ ಕೈ ಹೆಚ್ಚು ಬೇಕು. ಆಗ ಇಬ್ಬರು ಗೌಂಡಿಗಳಿಗೆ ನಾಲ್ವರು ಬಿಗಾರಿಗಳು ಬಂದರೆ ದಿನದ ಕೂಲಿ 3,800. ಆ ತಂಡ ದಿನಕ್ಕೆ 2.3 ಘನ ಮೀಟರ್ ದಾಟಿದರೆ ನಮಗೆ ನಷ್ಟವಿಲ್ಲ. ನಮ್ಮ ಒಂಟಿ ಗೌಂಡಿಯ ತಂಡಕ್ಕೂ ಇಂಥ ಗಡಿ ಇತ್ತು: 2,900 ರೂಪಾಯಿಗೆ ಅದು ದಿನಕ್ಕೆ 1.76 ಕಟ್ಟಬೇಕಿತ್ತು. ಕಟ್ಟಿದ್ದು 1.2. ತಂಡ ಬದಲಿಸುವ ಮುನ್ನ ಈ ಒಂದು ಭಾಗಾಕಾರ ಮಾಡಲು ಎರಡು ನಿಮಿಷ ಸಾಕು, ನಮ್ಮ ಗುತ್ತೇದಾರರಿಗೆ ಮೂವತ್ತು ದಿನದಲ್ಲಿ ಆ ಎರಡು ನಿಮಿಷ ಸಿಗಲಿಲ್ಲ.

ಹಲವು ಮೂಲೆ, ಕಂಬ, ಬಾಗಿಲ ಚೌಕಟ್ಟು ಇರುವ ಗೋಡೆಗೆ ಈ ದಿನಕ್ಕೆ ಎರಡು ಘನ ಮೀಟರ್ ಮಾತು ನಡೆಯುವುದಿಲ್ಲ. ಅಟ್ಟಣಿಗೆ ಕಟ್ಟಿ ಏರಬೇಕಾದ ಎತ್ತರಕ್ಕೂ ನಡೆಯುವುದಿಲ್ಲ. ಅಳತೆಗೋಲೇ ತಪ್ಪಿದ್ದರೆ ಕೆಲಸಗಾರನ ಮೇಲೆ ಸುಳ್ಳು ನಷ್ಟ ಕಾಣುತ್ತದೆ. ನೆಟ್ಟಗಿನ, ಎದೆಮಟ್ಟದ ಕಾಂಪೌಂಡಿಗೆ ಮಾತ್ರ ಈ ಯಾವ ರಿಯಾಯಿತಿಯೂ ಬೇಕಿರಲಿಲ್ಲ.

ಈಗ ನಮ್ಮ ತೆರಿಗೆಯಲ್ಲಿ ಏಳುವ ಗೋಡೆಗಳತ್ತ ಬರೋಣ. ಚರಂಡಿ, ಶಾಲೆಯ ಕಾಂಪೌಂಡ್, ಅಂಗನವಾಡಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಒಂದು ಘನ ಮೀಟರ್ ಇಟ್ಟಿಗೆ ಕೆಲಸಕ್ಕೆ ಸಾಮಾನು, ಕುಶಲ ಆಳು, ಸಾಮಾನ್ಯ ಆಳು, ಮೇಲ್ವೆಚ್ಚ, ಗುತ್ತೇದಾರರ ಲಾಭ ಎಲ್ಲ ಸೇರಿಸಿ ದರ ಕಟ್ಟುತ್ತಾರೆ. ಗೌಂಡಿಯ ಪಾಲು ಆ ದರದೊಳಗೇ ಇದೆ. ಆದರೆ ಹಣ ಕೊಡುವಾಗ ಅಳತೆ ಪುಸ್ತಕದಲ್ಲಿ ಬರುವುದು ಉದ್ದ, ಅಗಲ, ಎತ್ತರ ಮಾತ್ರ. ಗೌಂಡಿಯ ಕೂಲಿಯನ್ನು ನಾವು ದರದಲ್ಲೇ ಕೊಟ್ಟಾಗಿರುತ್ತದೆ, ಅವನು ಬಂದನೋ ಇಲ್ಲವೋ ಎಂದು ಆ ಪುಸ್ತಕ ಕೇಳುವುದಿಲ್ಲ.

ಅಲ್ಲಿ ಇಳುವರಿ ಕಡಿಮೆಯಾದರೆ ನಷ್ಟ ಗುತ್ತೇದಾರರದು, ನಮ್ಮದಲ್ಲ. ಹಾಗಾಗಿ ನಿಶ್ಚಿಂತೆ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಅಗ್ಗದ ತಂಡ ಹಚ್ಚಿ ಇಳುವರಿಯ ನಷ್ಟವನ್ನೂ ತಪ್ಪಿಸಿಕೊಳ್ಳಬೇಕೆಂದರೆ ಇರುವ ದಾರಿ ಒಂದೇ: ಅವಸರ. ಒಳಂಬ ಬಿಡದ ಗೋಡೆ, ನೆನೆಸದ ಇಟ್ಟಿಗೆ, ದಪ್ಪ ಸಂದು. ಹದಿನೈದು ಸಾಲಿನ ಎತ್ತರವನ್ನು ಹದಿನಾಲ್ಕೇ ಸಾಲಿಗೆ ಮುಟ್ಟಿಸಿದರೆ ಅಳತೆ ಪುಸ್ತಕದಲ್ಲಿ ಘನ ಮೀಟರ್ ಅಷ್ಟೇ, ಹಣವೂ ಅಷ್ಟೇ, ಒಂದು ಸಾಲು ಇಟ್ಟಿಗೆ ಮಾತ್ರ ಉಳಿತಾಯ. ನಮ್ಮ ಕಾಂಪೌಂಡಿನಲ್ಲಿ ನಷ್ಟ ರೂಪಾಯಿಯಲ್ಲಿ ಕಂಡಿತು. ಸರ್ಕಾರಿ ಗೋಡೆಯಲ್ಲಿ ಅದು ಮೂರನೇ ಮಳೆಗಾಲದ ಬಿರುಕಿನಲ್ಲಿ ಕಾಣುತ್ತದೆ, ಆ ಹೊತ್ತಿಗೆ ಬಿಲ್ ಪಾಸಾಗಿ ಹಳತಾಗಿರುತ್ತದೆ.

ನಷ್ಟ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ನಮ್ಮ ಇಟ್ಟಿಗೆ ಹುಟ್ಟುವ ಖಾನಾಪುರದ ಕಡೆಯೂ ನೋಡಿ. ಒಳ್ಳೆಯ ಜೇಡಿಮಣ್ಣಿನ ಊರು. ಇಟ್ಟಿಗೆ, ಹೆಂಚಿಗೆ ಹೆಸರಾದದ್ದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಭಟ್ಟಿಗಳಲ್ಲಿ ಅಚ್ಚು ಹೊಡೆಯುವವರಿಗೆ ಕೂಲಿ ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿಲ್ಲ, ಸಾವಿರ ಇಟ್ಟಿಗೆಗೆ ಇಷ್ಟು ಎಂದು. ಗಂಡ ಅಚ್ಚು ಹೊಡೆಯುತ್ತಾನೆ, ಹೆಂಡತಿ ಮಣ್ಣು ತುಳಿದು ಮುದ್ದೆ ಕೊಡುತ್ತಾಳೆ. ಅಲ್ಲಿಯೂ ಕುಶಲ ಕೈ ಒಂದು, ನೆರವಿನ ಕೈ ಒಂದು. ಅಕಾಲದ ಮಳೆ ಬಂದು ಹಸಿ ಇಟ್ಟಿಗೆ ಕರಗಿದರೆ ಇಳುವರಿಯ ನಷ್ಟ ಹೆಚ್ಚಾಗಿ ಬೀಳುವುದು ಆ ಕುಟುಂಬದ ಮೇಲೆಯೇ. ಭಟ್ಟಿಯಲ್ಲಿ ನಷ್ಟ ಕೂಲಿಯವನದು, ನಮ್ಮ ಕಾಂಪೌಂಡಿನಲ್ಲಿ ನಮ್ಮದು. ನಡುವೆ ಆಳು ಸಾಗಿಸುವವರಿಗೆ ಎರಡೂ ಕಡೆ ತಾಗಲಿಲ್ಲ.

ಕೊನೆಗೆ ನಾವು ಕೊಟ್ಟದ್ದು 93,000 ಮತ್ತು ಅದರ ಕಮಿಷನ್. ಬಂದ ಆಳಿನ ಕೂಲಿ ತಡೆಯಲು ನಮಗೆ ಮನಸ್ಸಾಗಲಿಲ್ಲ, ಬಾರದ ಗೌಂಡಿಯ 6,000 ಕೊಡಲಿಲ್ಲ. ಇಳುವರಿಯ 18,150ರ ಬಗ್ಗೆ ಕೇಳಿದಾಗ ಗುತ್ತೇದಾರರು, "ಅದು ಬರವಣಿಗ್ಯಾಗ ಇದ್ದಿಲ್ರೀ" ಎಂದರು. ನಿಜ. ಐದು ಮಂದಿ ಎಂದು ಬರೆದಿದ್ದೆವು. ಅವರಲ್ಲಿ ಗೌಂಡಿ ಎಷ್ಟು ಎಂಬುದು ಬಾಯಿಮಾತಿನಲ್ಲಿತ್ತು, ದಿನಕ್ಕೆ ಎಷ್ಟು ಗೋಡೆ ಎಂಬುದು ಸಹಿ ಇಲ್ಲದ ಚೀಟಿಯಲ್ಲಿತ್ತು.

ಮುಂದಿನ ತಿಂಗಳು ಗೇಟಿನ ಕಂಬಗಳು ಮತ್ತು ಪಂಪ್‌ಹೌಸ್ ಕೆಲಸವಿದೆ. ಈ ಸಲದ ಕರಾರಿಗೆ ಕಾಕಾ ಎರಡು ಸಾಲು ಸೇರಿಸಿದ್ದಾರೆ. ಗೌಂಡಿ ಒಬ್ಬ ಕಡಿಮೆ ಬಂದ ದಿನ ಕೂಲಿ ದಿನಕ್ಕಲ್ಲ, ಕಟ್ಟಿದ ಅಳತೆಗೆ. ಥಾಪಿ ಹಿಡಿದು ಗೋಡೆ ಕಟ್ಟಿದವನಿಗೆ ಆ ದಿನದ ಮಟ್ಟಿಗೆ ಗೌಂಡಿಯ ಕೂಲಿ, ಅದೂ ನಮ್ಮ ಕಣ್ಣೆದುರಿಗೆ ಅವನ ಕೈಗೇ. ಕರಾರಿನ ಕಾಗದ ನಾಲ್ಕು ದಿನದಿಂದ ಗುತ್ತೇದಾರರ ಹತ್ತಿರವಿದೆ, ಸಹಿ ಇನ್ನೂ ಬಂದಿಲ್ಲ. ಕಾಕಾ ಅಂಗಡಿಗೆ ಹೋಗಿ ಹೊಸ ಚಾಕ್‌ನ ಡಬ್ಬಿ ತಂದಿಟ್ಟಿದ್ದಾರೆ.